ಕಾಣೆಯಾದ ಟೆಸ್ಟಿನ ಲೆಕ್ಕ ಇಡುವವರು ಯಾರು?

2023ರ ಜುಲೈನಲ್ಲಿ ಗೂಗಲ್ ನಡೆಸುವ ಓಎಸ್‌ಎಸ್-ಫಜ್ ಯೋಜನೆಗೆ ಒಂದು ಪುಟ್ಟ ಪುಲ್ ರಿಕ್ವೆಸ್ಟ್ ಬಂತು. ಜಗತ್ತಿನ ಮುಖ್ಯ ಓಪನ್ ಸೋರ್ಸ್ ತಂತ್ರಾಂಶಗಳಿಗೆ ಹಗಲು ರಾತ್ರಿ ಅಡ್ಡಾದಿಡ್ಡಿ ಮಾಹಿತಿ ತಿನ್ನಿಸಿ, ಅವು ಎಲ್ಲಿ ಮುಗ್ಗರಿಸುತ್ತವೆ ಎಂದು ನೋಡುವುದು ಈ ಯೋಜನೆಯ ಕೆಲಸ. ಬಂದ ಕೋರಿಕೆ ಇಷ್ಟೆ: ಕಡತಗಳನ್ನು ಕುಗ್ಗಿಸುವ `xz` ಎಂಬ ತಂತ್ರಾಂಶವನ್ನು ಪರೀಕ್ಷೆಗೆ ಕಟ್ಟುವಾಗ `--disable-ifunc` ಎಂಬ ಆಯ್ಕೆಯನ್ನು ಸೇರಿಸಿ, ಒಂದು ಸೌಲಭ್ಯವನ್ನು ಆಫ್ ಮಾಡಿ. ಆ ಸೌಲಭ್ಯಕ್ಕೂ ಪರೀಕ್ಷೆಯ ಉಪಕರಣಕ್ಕೂ ಹೊಂದಿಕೆಯಾಗುತ್ತಿಲ್ಲ ಎಂಬುದು ಕೊಟ್ಟ ಕಾರಣ. ತಾಂತ್ರಿಕವಾಗಿ ಅದು ಒಪ್ಪುವಂಥದ್ದೇ ಆಗಿತ್ತು. ಕಳಿಸಿದವರು ಜಿಯಾ ಟ್ಯಾನ್ ಎಂಬ ಹೆಸರಿನವರು, `xz` ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರು. ಮನೆಯ ಯಜಮಾನನೇ ಬಂದು ಕೇಳಿದಾಗ ಬೇಡ ಎನ್ನುವವರು ಯಾರು? ಕೋರಿಕೆ ಒಪ್ಪಿಗೆಯಾಯಿತು.

ಎಂಟು ತಿಂಗಳ ನಂತರ, 2024ರ ಮಾರ್ಚ್ 29ರಂದು, ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಜಗತ್ತಿಗೆ ಒಂದು ಸುದ್ದಿ ಕೊಟ್ಟರು. ತಮ್ಮ ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಹುಡುಕುತ್ತ ಹೋದವರಿಗೆ `xz`ನ 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಹಿಂಬಾಗಿಲು ಸಿಕ್ಕಿತ್ತು. ಅದರ ಕೀಲಿ ಇದ್ದವರು ಬೇರೆಯವರ ಸರ್ವರಿಗೆ ದೂರದಿಂದಲೇ ಆದೇಶ ಕೊಡಬಹುದಿತ್ತು. ಅದು ಒಳಗೆ ನುಸುಳಲು ಬಳಸಿಕೊಂಡ ದಾರಿ ಯಾವುದು ಎಂದರೆ, ಹಿಂದಿನ ಜುಲೈನಲ್ಲಿ ಪರೀಕ್ಷೆಯಿಂದ ಹೊರಗಿಡಿಸಿದ ಅದೇ ಸೌಲಭ್ಯ. ಜಿಯಾ ಟ್ಯಾನ್ ಎಂಬ ಹೆಸರಿನ ಹಿಂದೆ ಯಾರಿದ್ದರು ಎಂಬುದು ಬಹಿರಂಗವಾಗಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಆ ಸೌಲಭ್ಯವನ್ನು ಪರೀಕ್ಷೆಯಲ್ಲಿ ಉಳಿಸಿಕೊಂಡಿದ್ದರೂ ಹಿಂಬಾಗಿಲು ಸಿಕ್ಕಿಬೀಳುತ್ತಿತ್ತು ಎನ್ನುವಂತಿಲ್ಲ. ಅದನ್ನು ಜೋಡಿಸುವ ಸ್ಕ್ರಿಪ್ಟ್ ಬಹಿರಂಗ ಕೋಡಿನಲ್ಲಿ ಇರಲೇ ಇಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಆದರೂ ಘಟನೆಯನ್ನು ಹಿಂದಿರುಗಿ ನೋಡಿದ ಅನೇಕರ ಕಣ್ಣು ಆ ಜುಲೈ ತಿಂಗಳ ಕೋರಿಕೆಯ ಮೇಲೆ ನಿಂತಿತು. ಪರೀಕ್ಷೆಯ ವ್ಯಾಪ್ತಿಯನ್ನು ಕಿರಿದು ಮಾಡುವ ಬದಲಾವಣೆಯೊಂದು ಎಲ್ಲರ ಕಣ್ಣೆದುರೇ ನಡೆದಿತ್ತು, ಬೇರೆ ನೂರಾರು ಬದಲಾವಣೆಗಳಿಗಿಂತ ಅದನ್ನು ಬೇರೆಯಾಗಿ ನೋಡುವ ಏರ್ಪಾಡು ಇರಲಿಲ್ಲ.

ಇಷ್ಟು ದೊಡ್ಡ ಸಂಚು ಅಪರೂಪ. ಆದರೆ ಪರೀಕ್ಷೆಯನ್ನು ಅಳಿಸುವ, ಇಲ್ಲವೇ ಸದ್ಯಕ್ಕೆ ಬಿಟ್ಟುಬಿಡುವ ಸಣ್ಣ ಸಣ್ಣ ಪುಲ್ ರಿಕ್ವೆಸ್ಟುಗಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಿಂದ ಹಿಡಿದು ಜಗತ್ತಿನ ಯಾವ ಊರಿನಲ್ಲಿ ಕೋಡ್ ಬರೆಯುತ್ತಾರೋ ಅಲ್ಲೆಲ್ಲ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಬಹುಪಾಲಿನ ಹಿಂದೆ ದುರುದ್ದೇಶ ಇರುವುದಿಲ್ಲ. ಶುಕ್ರವಾರ ಸಂಜೆಯ ಆತುರ ಇರುತ್ತದೆ.

ಈ ವ್ಯವಹಾರದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ತಂಡದಲ್ಲಿ ಕೆಲಸ ಮಾಡುವ ಪ್ರೋಗ್ರಾಮರ್ ಮುಖ್ಯ ಕೋಡನ್ನು ನೇರವಾಗಿ ತಿದ್ದುವುದಿಲ್ಲ. ತನ್ನ ಪ್ರತಿಯಲ್ಲಿ ತಿದ್ದಿ, “ಇದನ್ನು ಸೇರಿಸಿಕೊಳ್ಳಿ” ಎಂದು ಕೋರಿಕೆ ಸಲ್ಲಿಸುತ್ತಾನೆ ಅಥವಾ ಸಲ್ಲಿಸುತ್ತಾಳೆ. ಅದೇ ಪುಲ್ ರಿಕ್ವೆಸ್ಟ್. ಕೋರಿಕೆ ಬಂದ ಕೂಡಲೇ ಒಂದು ಯಂತ್ರ ಆ ಕೋಡಿನ ಮೇಲೆ ಟೆಸ್ಟುಗಳನ್ನು ಓಡಿಸುತ್ತದೆ. ಟೆಸ್ಟ್ ಎಂದರೆ ಕೋಡನ್ನು ಪ್ರಶ್ನೆ ಕೇಳುವ ಇನ್ನೊಂದು ಪುಟ್ಟ ಕೋಡ್: ಇಂಥ ಲೆಕ್ಕ ಕೊಟ್ಟರೆ ಇಂಥ ಉತ್ತರ ಬರಬೇಕು, ಬರುತ್ತದೆಯೇ? ಎಲ್ಲ ಉತ್ತರಗಳೂ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗುರುತು, ಒಂದು ತಪ್ಪಿದರೂ ಕೆಂಪು. ಸಹೋದ್ಯೋಗಿಯೊಬ್ಬರು ಬದಲಾವಣೆಯನ್ನು ಓದಿ, ಗುರುತು ಹಸಿರಾಗಿದ್ದರೆ ಒಪ್ಪಿಗೆ ಕೊಡುತ್ತಾರೆ.

ಇಲ್ಲಿ ಎಲ್ಲಿ ಎಡವಟ್ಟಾಗುತ್ತದೆ ಎಂದು ತಿಳಿಯಲು ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಬಸ್ ಟಿಕೆಟ್ ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಕೊಡಬೇಕು ಎಂದು ಲೆಕ್ಕ ಹಾಕುವ ಕೋಡ್ ಇದೆ ಎಂದುಕೊಳ್ಳಿ. ನಿಯಮ ಹೀಗಿದೆ: ಹೊರಡಲು 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸಮಯ ಇದ್ದರೆ ನೂರಕ್ಕೆ 90, ಎರಡು ಗಂಟೆಯವರೆಗೆ ನೂರಕ್ಕೆ 50, ಆಮೇಲೆ ಏನೂ ಇಲ್ಲ.

```python
def refund(fare, hours_left):
    if hours_left >= 24:
        return fare * 90 // 100
    if hours_left >= 2:
        return fare * 50 // 100
    return 0
```

ಗಡಿಯಲ್ಲಿ ತಪ್ಪಾಗುವುದು ಹೆಚ್ಚು ಎಂದು ಗೊತ್ತಿದ್ದ ಯಾರೋ ಹಿಂದೆಯೇ ಒಂದು ಟೆಸ್ಟ್ ಬರೆದಿಟ್ಟಿದ್ದಾರೆ.

```python
def test_refund_exactly_24_hours():
    assert refund(1000, 24) == 900
```

ಇಂಥ 42 ಟೆಸ್ಟುಗಳಿವೆ ಎನ್ನೋಣ. ಈಗ ಹೊಸಬರೊಬ್ಬರು ಈ ಕೋಡನ್ನು ಒಪ್ಪ ಮಾಡಲು ಹೋಗಿ `>= 24` ಇದ್ದದ್ದನ್ನು `> 24` ಮಾಡಿಬಿಡುತ್ತಾರೆ. ಸರಿಯಾಗಿ 24 ಗಂಟೆ ಮುಂಚೆ ಸಾವಿರ ರೂಪಾಯಿಯ ಟಿಕೆಟ್ ರದ್ದು ಮಾಡಿದವರಿಗೆ 900ರ ಬದಲು 500 ಸಿಗುತ್ತದೆ, 400 ರೂಪಾಯಿ ಖೋತಾ. ಟೆಸ್ಟ್ ತನ್ನ ಕೆಲಸ ಮಾಡುತ್ತದೆ, ಗುರುತು ಕೆಂಪಾಗುತ್ತದೆ.

```
1 failed, 41 passed
```

ಕೆಂಪನ್ನು ಹಸಿರು ಮಾಡಲು ಈಗ ನಾಲ್ಕು ದಾರಿಗಳಿವೆ. ಕೋಡನ್ನು ಸರಿಪಡಿಸುವುದು ಮೊದಲನೆಯದು. ಆಗ ಫಲಿತಾಂಶ `42 passed`. ಎರಡನೆಯದು, ಟೆಸ್ಟನ್ನೇ ಅಳಿಸುವುದು. ಆಗ ಬರುವುದು `41 passed`. ಮೂರನೆಯದು, ಟೆಸ್ಟಿನ ತಲೆಯ ಮೇಲೆ `@pytest.mark.skip` ಎಂಬ ಒಂದು ಸಾಲು ಬರೆದು ಅದನ್ನು ಪಕ್ಕಕ್ಕೆ ಸರಿಸುವುದು. ಆಗ `41 passed, 1 skipped`. ನಾಲ್ಕನೆಯದು ಎಲ್ಲಕ್ಕಿಂತ ನಾಜೂಕಿನದು: ಟೆಸ್ಟನ್ನು ಇದ್ದಲ್ಲೇ ಇಟ್ಟು ಅದರ ಹಲ್ಲು ಕೀಳುವುದು.

```python
def test_refund_exactly_24_hours():
    assert refund(1000, 24) > 0
```

ಐನೂರು ಸೊನ್ನೆಗಿಂತ ಹೆಚ್ಚೇ ತಾನೆ! ಫಲಿತಾಂಶ `42 passed`, ಕೋಡ್ ಸರಿಪಡಿಸಿದಾಗ ಬಂದದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಾಲ್ಕೂ ದಾರಿಗಳಲ್ಲಿ ಸಿಗುವುದು ಅದೇ ಹಸಿರು. ಪ್ರಯಾಣಿಕರಿಗೆ ದುಡ್ಡು ಸರಿಯಾಗಿ ಸಿಗುವುದು ಮಾತ್ರ ಒಂದರಲ್ಲಿ.

ಯಂತ್ರ ಇದನ್ನೇಕೆ ಒಪ್ಪುತ್ತದೆ? ಟೆಸ್ಟ್ ಓಡಿಸುವ ಪ್ರೋಗ್ರಾಂ ಕೆಲಸ ಮುಗಿಸಿದಾಗ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ ಎಲ್ಲ ಸರಿ, ಬೇರೆ ಅಂಕಿ ಬಂದರೆ ತೊಂದರೆ. ಪೈಥಾನ್ ಭಾಷೆಯವರು ಬಳಸುವ ಪೈಟೆಸ್ಟ್ ವಿಷಯದಲ್ಲಿ, ಸ್ಕಿಪ್ ಆದ ಟೆಸ್ಟ್ ಸೋತ ಟೆಸ್ಟ್ ಅಲ್ಲ. ಹಾಗಾಗಿ ಎಲ್ಲ ಟೆಸ್ಟುಗಳನ್ನೂ ಸ್ಕಿಪ್ ಮಾಡಿದರೂ ಅದು ಸೊನ್ನೆಯನ್ನೇ ಕೊಡುತ್ತದೆ. ಒಂದೇ ಒಂದು ಟೆಸ್ಟೂ ಇಲ್ಲದಂತೆ ಎಲ್ಲವನ್ನೂ ಅಳಿಸಿದರೆ ಮಾತ್ರ 5 ಎಂಬ ಅಂಕಿ ಕೊಟ್ಟು ತಕರಾರು ತೆಗೆಯುತ್ತದೆ. 42ರಲ್ಲಿ 41 ಅಳಿಸಿ ಒಂದನ್ನು ಉಳಿಸಿದರೆ ಅದಕ್ಕೆ ಸಮಾಧಾನ. ಗಿಟ್‌ಹಬ್‌ನಲ್ಲಿ ಇನ್ನೂ ಒಂದು ವಿಚಿತ್ರವಿದೆ. ಷರತ್ತೊಂದನ್ನು ಬರೆದು ಟೆಸ್ಟ್ ಓಡಿಸುವ ಇಡೀ ಹಂತವನ್ನೇ ಬಿಟ್ಟುಹೋಗುವಂತೆ ಮಾಡಿದರೆ, ಆ ಹಂತ ಕಡ್ಡಾಯ ಎಂದು ಗುರುತಾಗಿದ್ದರೂ ಅದು ಯಶಸ್ವಿ ಎಂದೇ ದಾಖಲಾಗುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟಲು, ಹಿಂದುಳಿದ ಮಕ್ಕಳನ್ನು ಪರೀಕ್ಷೆಗೆ ಕೂರಿಸದೆ ಇರುವ ಶಾಲೆಯ ಲೆಕ್ಕ ಇದು. ಪಾಸಾದವರ ಪ್ರಮಾಣ ಸುಳ್ಳಲ್ಲ, ಪರೀಕ್ಷೆಗೆ ಕೂತವರೆಷ್ಟು ಎಂಬ ಅಂಕಿ ಬ್ಯಾನರಿನಲ್ಲಿ ಇರುವುದಿಲ್ಲ.

ಪ್ರೋಗ್ರಾಮರ್‌ಗಳಿಗೆ ಇದು ಗೊತ್ತಿಲ್ಲದ ಗುಟ್ಟೇನಲ್ಲ. ಹೊಗೆ ಪರೀಕ್ಷೆ ನಡೆಯುತ್ತಿದೆ ಎಂದು ಪತ್ತೆ ಹಚ್ಚಿ ಆಗ ಮಾತ್ರ ಸಭ್ಯವಾಗಿ ವರ್ತಿಸುವ ಕಾರುಗಳನ್ನು ಮಾರಿ ಫೋಕ್ಸ್‌ವ್ಯಾಗನ್ ಕಂಪನಿ 2015ರಲ್ಲಿ ಸಿಕ್ಕಿಬಿದ್ದಾಗ, ಯಾರೋ ತಮಾಷೆಗೆ ಅದೇ ಹೆಸರಿನ ಒಂದು ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಬರೆದು ಹರಿಯಬಿಟ್ಟರು. ಟೆಸ್ಟ್ ಓಡಿಸುವ ಸರ್ವರಿನಲ್ಲಿ ತಾನಿದ್ದೇನೆ ಎಂದು ತಿಳಿದ ಕೂಡಲೇ ಎಲ್ಲ ಟೆಸ್ಟುಗಳನ್ನೂ ಪಾಸು ಮಾಡಿಬಿಡುವುದು ಅದರ ಕೆಲಸ. ನಕ್ಕವರಲ್ಲಿ ಎಷ್ಟೋ ಮಂದಿ ತಮ್ಮ ಕೋಡಿನಲ್ಲಿ ಸ್ಕಿಪ್ ಆಗಿ ಕೂತಿರುವ ಟೆಸ್ಟುಗಳನ್ನು ನೆನೆದಿರಬೇಕು.

ಯಂತ್ರಕ್ಕೆ ತಿಳಿಯದಿದ್ದರೆ ಹೋಗಲಿ, ರಿವ್ಯೂ ಮಾಡುವ ಮನುಷ್ಯರಿಗೆ ಕಾಣುವುದಿಲ್ಲವೇ? ಕಾಣಬೇಕು, ಆದರೆ ಬಹಳ ಸಲ ಕಾಣುವುದಿಲ್ಲ. ರಿವ್ಯೂ ಮಾಡುವವರ ಗಮನ ಹೊಸದಾಗಿ ಸೇರಿದ ಸಾಲುಗಳ ಮೇಲಿರುತ್ತದೆ. ಹೊಸ ಕೋಡಿನಲ್ಲಿ ತಪ್ಪಿದೆಯೇ ಎಂದು ಹುಡುಕುವುದು ಅವರ ರೂಢಿ. ಅಳಿಸಿದ ಸಾಲಿನಲ್ಲಿ ತಪ್ಪು ಹುಡುಕುವುದು ಏನನ್ನು? ಅದೂ ಮೂವತ್ತು ಕಡತಗಳ ಬದಲಾವಣೆಯ ನಡುವೆ, ಎಲ್ಲಕ್ಕಿಂತ ಕೊನೆಗೆ ಬರುವ ಟೆಸ್ಟುಗಳ ಫೋಲ್ಡರಿನಲ್ಲಿ. ಬದಲಾವಣೆ ತೀರಾ ದೊಡ್ಡದಾಗಿದ್ದರೆ ಗಿಟ್‌ಹಬ್ ಆ ಕಡತವನ್ನು ಮಡಚಿಯೇ ತೋರಿಸುತ್ತದೆ, ಬೇಕಿದ್ದವರು ಕ್ಲಿಕ್ ಮಾಡಿ ಬಿಡಿಸಿ ನೋಡಬೇಕು. ಮೇಲೆ ಹಸಿರು ಗುರುತು ಇರುವಾಗ ಬಿಡಿಸಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಅದಕ್ಕೇ ಇದೊಂದು ಕೆಲಸಕ್ಕೆಂದು ಪ್ರತ್ಯೇಕ ಕಾವಲು ಪ್ರೋಗ್ರಾಂ ಬೇಕು. ಕೋಡ್ ಚೆನ್ನಾಗಿದೆಯೇ ಎಂದು ಅದು ತೀರ್ಪು ಕೊಡಬೇಕಿಲ್ಲ. ಈ ಪುಲ್ ರಿಕ್ವೆಸ್ಟ್ ಬರುವ ಮುಂಚೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಯಾವುದನ್ನು ಇನ್ನು ಮುಂದೆ ಕೇಳುವುದಿಲ್ಲ ಎಂದು ಹೇಳಿದರೆ ಸಾಕು.

ಅತ್ಯಂತ ಸುಲಭದ ಕಾವಲು ಒಂದೇ ಸಾಲಿನದು. ಟೆಸ್ಟುಗಳ ಫೋಲ್ಡರಿನಿಂದ ಪೂರ್ತಿ ಕಡತವನ್ನೇ ತೆಗೆದಿದ್ದರೆ ಇದು ಹೆಸರು ಹೇಳುತ್ತದೆ:

```
git diff --diff-filter=D --name-only main...HEAD -- tests/
```

ಆದರೆ ನಮ್ಮ ಬಸ್ ಟಿಕೆಟಿನ ಉದಾಹರಣೆಯಲ್ಲಿ ಕಡತ ಹೋಗಿಲ್ಲ, ಅದರೊಳಗಿನ ಎರಡು ಸಾಲು ಹೋಗಿದೆ. ಅದಕ್ಕೆ ಹೆಸರುಗಳ ಪಟ್ಟಿ ಬೇಕು. ಮುಖ್ಯ ಕೋಡಿನಲ್ಲಿ ಒಮ್ಮೆ, ಕೋರಿಕೆಯ ಕೋಡಿನಲ್ಲಿ ಒಮ್ಮೆ `pytest --collect-only -q` ಓಡಿಸಿದರೆ ಎರಡು ಪಟ್ಟಿ ಸಿಗುತ್ತವೆ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ ಹೆಸರೇ ಕಾಣೆಯಾದ ಟೆಸ್ಟ್. ಬರೀ ಎಣಿಕೆ ಸಾಲದು, ಹೆಸರೇ ಬೇಕು. ಏಕೆಂದರೆ ಒಂದು ಒಳ್ಳೆಯ ಟೆಸ್ಟನ್ನು ತೆಗೆದು ಕೆಲಸಕ್ಕೆ ಬಾರದ ಇನ್ನೊಂದನ್ನು ಸೇರಿಸಿದರೆ ಎಣಿಕೆ 42ಕ್ಕೆ 42 ಸರಿಹೋಗುತ್ತದೆ. ಸ್ಕಿಪ್ ಆದವನ್ನೂ ಇದೇ ರೀತಿ ಎರಡೂ ಕಡೆ ಓಡಿಸಿ ಹೋಲಿಸಬಹುದು. `pytest -rs` ಎಂದರೆ ಯಾವುದು ಸ್ಕಿಪ್ ಆಯಿತು, ಏನು ಕಾರಣ ಬರೆದಿದ್ದಾರೆ ಎಂಬುದು ಬರುತ್ತದೆ.

ಇಷ್ಟಾದರೂ ನಾಲ್ಕನೆಯ ದಾರಿ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಹೆಸರೂ ಅದೇ, ಎಣಿಕೆಯೂ ಅದೇ, ಸ್ಕಿಪ್ಪೂ ಇಲ್ಲ. ಅದನ್ನು ಹಿಡಿಯುವ ಉಪಾಯ ಸರಳವಾಗಿದೆ, ಆದರೆ ಬಳಸುವವರು ಇರಬೇಕಾದಷ್ಟಿಲ್ಲ. ಹೊಸ ಕೋಡನ್ನು ಹಾಗೇ ಇಟ್ಟುಕೊಂಡು, ಟೆಸ್ಟುಗಳನ್ನು ಮಾತ್ರ ಹಳೆಯದಕ್ಕೆ ಮರಳಿಸಿ ಓಡಿಸುವುದು.

```
git checkout main -- tests/
pytest tests/
```

ಅಳಿಸಿದ ಟೆಸ್ಟ್ ವಾಪಸ್ ಬರುತ್ತದೆ, ಸ್ಕಿಪ್ ಗುರುತು ಹೋಗುತ್ತದೆ, `> 0` ಎಂದು ಹಲ್ಲು ಕಿತ್ತಿದ್ದ ಸಾಲು `== 900` ಎಂಬ ಹಳೆಯ ಬಿಗಿಗೆ ಮರಳುತ್ತದೆ. ಎರಡರಿಂದ ನಾಲ್ಕರವರೆಗಿನ ಯಾವ ದಾರಿ ಹಿಡಿದಿದ್ದರೂ ಉತ್ತರ ಒಂದೇ:

```
E   assert 500 == 900
1 failed, 41 passed
```

ಈಗ ರಿವ್ಯೂ ಮಾಡುವವರ ಮುಂದೆ ಖಚಿತವಾದ ಒಂದು ಪ್ರಶ್ನೆ ಇದೆ: ಸರಿಯಾಗಿ 24 ಗಂಟೆ ಮುಂಚೆ ರದ್ದು ಮಾಡಿದವರಿಗೆ ಇನ್ನು ಮೇಲೆ 900ರ ಬದಲು 500 ಕೊಡುವುದು ತಂಡದ ನಿರ್ಧಾರವೇ, ಅಥವಾ ಕೈತಪ್ಪೇ? ನಿಯಮವೇ ಬದಲಾಗಿದ್ದರೆ ಟೆಸ್ಟ್ ಬದಲಾಗಬೇಕಾದದ್ದೇ. ಅದನ್ನು ಹೇಳಬೇಕಾದವರು ಸಾರಿಗೆ ಸಂಸ್ಥೆಯ ನಿಯಮ ಬಲ್ಲವರು. ಕೆಂಪು ಗುರುತು ಕಂಡು ಕಂಗಾಲಾದ ಪ್ರೋಗ್ರಾಮರ್ ಒಬ್ಬರೇ ಕೂತು ತೀರ್ಮಾನಿಸುವ ವಿಷಯ ಅಲ್ಲ.

ಈ ಉಪಾಯಕ್ಕೆ ಖರ್ಚಿದೆ. ಟೆಸ್ಟ್ ಓಡಿಸುವ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಫಂಕ್ಷನ್ ಒಂದರ ಹೆಸರು ಬದಲಿಸಿದರೂ ಹಳೆಯ ಟೆಸ್ಟುಗಳು ಅದನ್ನು ಹಳೆಯ ಹೆಸರಿನಲ್ಲೇ ಹುಡುಕಿ ಸೋಲುತ್ತವೆ. ಆದ್ದರಿಂದ ಎಲ್ಲ ಕೋರಿಕೆಗಳ ಮೇಲೂ ಇದನ್ನು ಹೇರದೆ, ಟೆಸ್ಟ್ ಕಡತಗಳೂ ಮುಖ್ಯ ಕೋಡೂ ಒಟ್ಟಿಗೆ ಬದಲಾದ ಕೋರಿಕೆಗಳ ಮೇಲೆ ಮಾತ್ರ ಓಡಿಸುವುದು ಜಾಣತನ.

ಕಾವಲು ಪ್ರೋಗ್ರಾಂ ಎಲ್ಲಿ ನಿಲ್ಲಬೇಕು ಎಂಬುದು ಅದು ಏನು ನೋಡಬೇಕು ಎಂಬುದರಷ್ಟೇ ಮುಖ್ಯ. ಗಿಟ್‌ಹಬ್‌ನಲ್ಲಿ ಸಾಮಾನ್ಯವಾಗಿ ಪುಲ್ ರಿಕ್ವೆಸ್ಟ್ ಬಂದಾಗ ಏನೇನು ಓಡಬೇಕು ಎಂಬ ಸೂಚನೆ `.github/workflows/` ಎಂಬ ಫೋಲ್ಡರಿನ ಕಡತಗಳಲ್ಲಿ ಇರುತ್ತದೆ. ಆ ಕಡತಗಳೂ ಉಳಿದ ಕೋಡಿನ ಜೊತೆಗೇ ಇರುವುದರಿಂದ, ಟೆಸ್ಟನ್ನು ಅಳಿಸುವ ಕೋರಿಕೆಯೇ ಈ ಸೂಚನೆಯನ್ನೂ ತಿದ್ದಿಕೊಂಡು ಬರಬಹುದು, ಮತ್ತು ಓಡುವುದು ಆ ತಿದ್ದಿದ ಸೂಚನೆಯೇ. ಟೆಸ್ಟ್ ಓಡಿಸುವ ಆದೇಶದ ಕೊನೆಗೆ `|| true` ಎಂದು ಏಳೆಂಟು ಅಕ್ಷರ ಸೇರಿಸಿದರೆ ಸಾಕು, ಏನೇ ಸೋತರೂ ಸೊನ್ನೆಯೇ ಬರುತ್ತದೆ. `continue-on-error: true` ಎಂದರೂ ಹೆಚ್ಚುಕಡಿಮೆ ಅದೇ ಫಲ. `pytest.ini`ಯಲ್ಲಿ `--ignore` ಎಂದು ಬರೆದರೆ ಒಂದು ಟೆಸ್ಟನ್ನೂ ಮುಟ್ಟದೆ ಇಡೀ ಫೋಲ್ಡರನ್ನು ಪಕ್ಕಕ್ಕೆ ಇಡಬಹುದು.

ಹಾಗಾಗಿ ಕಾವಲಿನ ಕೋಡೂ ಅದರ ನಿಯಮಗಳೂ ಕೋರಿಕೆ ಸಲ್ಲಿಸುವವರ ಕೈಗೆ ಸಿಗದ ಬೇರೆ ಕಡೆ ಇರಬೇಕು. ಟೆಸ್ಟುಗಳ ಜೊತೆಗೆ ಈ ಸೂಚನಾ ಕಡತಗಳ ಮೇಲೂ ಅದು ಕಣ್ಣಿಡಬೇಕು. ಗಿಟ್‌ಹಬ್‌ನಲ್ಲಿ `CODEOWNERS` ಎಂಬ ಕಡತದ ಮೂಲಕ ಇಂಥ ಫೋಲ್ಡರಿಗೆ ಇಂಥವರ ಒಪ್ಪಿಗೆ ಬೇಕು ಎಂದು ಬರೆದಿಡಬಹುದು. ಅದರ ಒಳ್ಳೆಯ ಗುಣವೇನೆಂದರೆ, ಲೆಕ್ಕಕ್ಕೆ ಬರುವುದು ಮುಖ್ಯ ಕೋಡಿನಲ್ಲಿರುವ ಪ್ರತಿ, ಕೋರಿಕೆಯ ಜೊತೆ ಬಂದ ಪ್ರತಿ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಟೆಸ್ಟ್ ಅಳಿಸುವ ಕೋರಿಕೆಗಳನ್ನು ನೇರವಾಗಿ ತಿರಸ್ಕರಿಸಿಬಿಟ್ಟರೆ ಆಯಿತಲ್ಲ ಎನಿಸಬಹುದು. ಆಗದು. ಟೆಸ್ಟ್ ಅಳಿಸಲು ಒಳ್ಳೆಯ ಕಾರಣಗಳೂ ಇರುತ್ತವೆ. ಸೌಲಭ್ಯವನ್ನೇ ನಿಲ್ಲಿಸಿದ ಮೇಲೆ ಅದರ ಟೆಸ್ಟ್ ಇರಬಾರದು. ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳುತ್ತಿದ್ದರೆ ಎರಡನ್ನು ತೆಗೆಯಬಹುದು. ಹೆಸರು ಬದಲಾಗಿರಬಹುದು, ಬೇರೆ ಕಡತಕ್ಕೆ ಹೋಗಿರಬಹುದು.

ಎಲ್ಲಕ್ಕಿಂತ ದೊಡ್ಡ ಕಾರಣ ಮನಸ್ಸು ಬಂದಂತೆ ವರ್ತಿಸುವ ಟೆಸ್ಟುಗಳು. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸು, ಒಮ್ಮೆ ಫೇಲು. ಪ್ರೋಗ್ರಾಮರ್‌ಗಳು ಇವನ್ನು ಫ್ಲೇಕಿ ಎನ್ನುತ್ತಾರೆ. ನೆಟ್‌ವರ್ಕ್ ನಿಧಾನವಾಗಿದ್ದರೆ, ಎರಡು ಕೆಲಸ ಒಟ್ಟಿಗೆ ನಡೆದು ಒಂದು ಮುಂದಾದರೆ, ಗಡಿಯಾರ ಮಧ್ಯರಾತ್ರಿ ದಾಟಿದರೆ ಇವು ಮುನಿಸಿಕೊಳ್ಳುತ್ತವೆ. 2016ರಲ್ಲಿ ಗೂಗಲ್ ತನ್ನ ಲೆಕ್ಕ ಬಹಿರಂಗಪಡಿಸಿದಾಗ, ಅಲ್ಲಿನ ಟೆಸ್ಟುಗಳಲ್ಲಿ ಸುಮಾರು ಶೇಕಡಾ 16ರಷ್ಟರಲ್ಲಿ ಸ್ವಲ್ಪವಾದರೂ ಈ ಚಾಳಿ ಇತ್ತು. ನಿನ್ನೆ ಪಾಸಾಗಿದ್ದ ಟೆಸ್ಟ್ ಇಂದು ಫೇಲಾದ ಪ್ರಸಂಗಗಳಲ್ಲಿ ಶೇಕಡಾ 84ರಷ್ಟರಲ್ಲಿ ಒಂದು ಫ್ಲೇಕಿ ಟೆಸ್ಟಿನ ಕೈವಾಡ ಇತ್ತು. ಇಂಥ ಕಡೆ ಕೆಲಸ ಮಾಡುವವರಿಗೆ ಕೆಂಪು ಗುರುತು ಕಂಡ ಕೂಡಲೇ ಬರುವ ಮೊದಲ ಯೋಚನೆ “ಇದು ನನ್ನ ತಪ್ಪಲ್ಲ” ಎಂಬುದೇ ಆದರೆ ಅಚ್ಚರಿಯಿಲ್ಲ. ನಿಜವಾದ ಬಗ್ ಕೂಡ ಈ ಗುಂಪಿನಲ್ಲಿ ಅವಿತುಕೊಂಡು, ಫ್ಲೇಕಿ ಎಂಬ ಹಣೆಪಟ್ಟಿ ಹೊತ್ತು ಸ್ಕಿಪ್ ಆಗಿಬಿಡುತ್ತದೆ.

ಆದ್ದರಿಂದ ಕಾವಲು ಪ್ರೋಗ್ರಾಂ ತಡೆಗೋಡೆ ಆಗಬಾರದು, ಬೊಟ್ಟು ಮಾಡಿ ತೋರಿಸುವ ಕೆಲಸ ಮಾಡಬೇಕು. ಕಾರಣ ಏನು, ಮರಳಿ ಯಾವಾಗ ತರುತ್ತೀರಿ, ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ, ಕೋರಿಕೆ ಬರೆದವರಲ್ಲದ ಇನ್ನೊಬ್ಬರಿಂದ ಉತ್ತರಕ್ಕೆ ಒಪ್ಪಿಗೆ ಪಡೆದರೆ ಸಾಕು. ನೇರವಾಗಿ ತಡೆದರೆ ಆಗುವುದೇ ಬೇರೆ: ಅಳಿಸುವ ದಾರಿ ಮುಚ್ಚಿತು ಎಂದು ಗೊತ್ತಾದವರು ಹಲ್ಲು ಕೀಳುವ ದಾರಿ ಹಿಡಿಯುತ್ತಾರೆ. ಕಣ್ಣಿಗೆ ಕಾಣುವ ಅಳಿಸುವಿಕೆಗಿಂತ ಕಾಣದ ಸಡಿಲಿಕೆ ಕೆಟ್ಟದ್ದು.

ಬೊಟ್ಟು ಮಾಡುವುದರಲ್ಲೂ ಹದ ಬೇಕು. ಪ್ರತಿಯೊಂದಕ್ಕೂ ಕೂಗಿದರೆ ವಾರದೊಳಗೆ ಆ ಕೂಗನ್ನು ಯಾರೂ ಕೇಳುವುದಿಲ್ಲ. ಒಂದು ಕಡತದ ಕೋಡ್ ಮತ್ತು ಅದರ ಟೆಸ್ಟ್ ಎರಡೂ ಒಟ್ಟಿಗೆ ಹೋಗಿದ್ದರೆ ಸಣ್ಣ ಟಿಪ್ಪಣಿ ಸಾಕು. ಹೆಸರು ಬದಲಾಗಿ ಒಳಗಿನ ಸಾಲುಗಳು ಹಾಗೇ ಇದ್ದರೆ ಸುಮ್ಮನಿರಬಹುದು. ಎಲ್ಲಕ್ಕಿಂತ ಜೋರಾಗಿ ಕೂಗಬೇಕಾದ ಸಂದರ್ಭ ಒಂದಿದೆ: ಇದೇ ಪುಲ್ ರಿಕ್ವೆಸ್ಟಿನ ಹಿಂದಿನ ಓಟದಲ್ಲಿ ಒಂದು ಟೆಸ್ಟ್ ಸೋತಿತ್ತು, ಮುಂದಿನ ಓಟದಲ್ಲಿ ಅದೇ ಟೆಸ್ಟ್ ಕಾಣೆಯಾಗಿದೆ ಅಥವಾ ಸ್ಕಿಪ್ ಆಗಿದೆ. ಕೊನೆಯ ಬದಲಾವಣೆಯನ್ನಷ್ಟೇ ನೋಡುವವರಿಗೆ ಈ ಕ್ರಮ ಕಾಣುವುದೇ ಇಲ್ಲ. ಪ್ರತಿ ಓಟದ ದಾಖಲೆ ಇಟ್ಟುಕೊಂಡ ಪ್ರೋಗ್ರಾಂಗೆ ಅದು ಥಟ್ಟನೆ ಕಾಣುತ್ತದೆ. ನಮ್ಮ ಉದಾಹರಣೆಯ ಹೊಸಬರು ಸಿಕ್ಕಿಬೀಳುವುದೂ ಇಲ್ಲೇ.

ಸ್ಕಿಪ್ ಮಾಡಲೇಬೇಕಾದ ಟೆಸ್ಟಿಗೂ ಮರ್ಯಾದೆಯ ದಾರಿಗಳಿವೆ. ಪೈಟೆಸ್ಟ್‌ನಲ್ಲಿ ಸ್ಕಿಪ್ ಬದಲು `@pytest.mark.xfail(strict=True)` ಎಂದು ಬರೆದರೆ, ಟೆಸ್ಟ್ ಓಡುತ್ತಲೇ ಇರುತ್ತದೆ, ಸೋತರೆ ಗದ್ದಲ ಮಾಡುವುದಿಲ್ಲ. ಮುಂದೊಂದು ದಿನ ಯಾರೋ ಬಗ್ ಸರಿಪಡಿಸಿ ಅದು ಪಾಸಾದ ಕ್ಷಣ ಗುರುತು ಕೆಂಪಾಗಿ, ಇನ್ನು ಈ ವಿನಾಯಿತಿ ತೆಗೆಯಿರಿ ಎಂದು ನೆನಪಿಸುತ್ತದೆ. ಬರೀ ಸ್ಕಿಪ್ ಆದದ್ದು ಯಾರಿಗೂ ನೆನಪಾಗದೆ ವರ್ಷಗಟ್ಟಲೆ ಕೂತಿರಬಲ್ಲದು. ಮಂಜೂರಾದ ರಜೆಗೆ ಮರಳುವ ದಿನವೇ ಇಲ್ಲದಂತೆ.

ಈ ಹಳೆಯ ವಿಷಯಕ್ಕೆ ಈಚೆಗೆ ಹೊಸ ತುರ್ತು ಬಂದಿರುವುದು ಕೋಡ್ ಬರೆಯುವ ಎಐ ಕಾರಣದಿಂದ. ಈಗ ಪುಲ್ ರಿಕ್ವೆಸ್ಟುಗಳಲ್ಲಿ ಒಂದಷ್ಟನ್ನು ಸಲ್ಲಿಸುವುದು ಮನುಷ್ಯರಲ್ಲ, ಎಐ ಏಜೆಂಟುಗಳು. ಟೆಸ್ಟುಗಳನ್ನು ಪಾಸು ಮಾಡಿದರೆ ಬಹುಮಾನ ಎಂಬ ರೀತಿಯಲ್ಲಿ ಅವುಗಳಿಗೆ ತರಬೇತಿ ನಡೆಯುವುದುಂಟು. 2025ರ ಮಾರ್ಚ್‌ನಲ್ಲಿ ಓಪನ್‌ಎಐ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಅಂಥ ತರಬೇತಿಯಲ್ಲಿ ಮಾಡೆಲ್ ಕಲಿತುಕೊಂಡ ಎರಡು ಕಳ್ಳದಾರಿಗಳನ್ನು ವಿವರಿಸಿತು. ಒಂದು, `exit(0)` ಎಂದು ಬರೆದು ಟೆಸ್ಟುಗಳೆಲ್ಲ ಓಡುವ ಮುಂಚೆಯೇ ಸೊನ್ನೆ ಅಂಕಿ ಕೊಟ್ಟು ಹೊರಬಿದ್ದುಬಿಡುವುದು. ಇನ್ನೊಂದು, ಕೋಡಿನ ಒಳಗಿನಿಂದಲೇ `raise SkipTest` ಎಂದು ಕೂಗಿ ಟೆಸ್ಟ್ ಸ್ಕಿಪ್ ಆಗುವಂತೆ ಮಾಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ಹಸಿರು ಗುರುತಿಗೆ ಬಹುಮಾನ ಇಟ್ಟಿದ್ದರು, ಅದಕ್ಕೆ ಹತ್ತಿರದ ದಾರಿ ಅದಕ್ಕೆ ಸಿಕ್ಕಿತು.

ಇದನ್ನು ಪತ್ತೆ ಹಚ್ಚಿದ್ದು ಇನ್ನೊಂದು ಎಐ ಮಾಡೆಲ್. ಮೊದಲನೆಯದು ಉತ್ತರಕ್ಕೆ ಮುಂಚೆ ಹಂತ ಹಂತವಾಗಿ ಬರೆದುಕೊಳ್ಳುವ ಯೋಚನೆಯನ್ನು ಓದಿ ಎಚ್ಚರಿಕೆ ಕೊಡುವ ಕಾವಲಿಗೆ ಅದನ್ನು ಇಟ್ಟಿದ್ದರು. ಬರೀ ಕೋಡನ್ನು ನೋಡುವ ಕಾವಲಿಗಿಂತ ಯೋಚನೆಯನ್ನೂ ಓದುವ ಕಾವಲು ಹೆಚ್ಚು ಮೋಸಗಳನ್ನು ಹಿಡಿಯಿತು. ಅಧ್ಯಯನದ ಮುಂದಿನ ಭಾಗವೇ ಹೆಚ್ಚು ಕುತೂಹಲದ್ದು. ಕಾವಲು ಹಿಡಿದಾಗಲೆಲ್ಲ ಮಾಡೆಲಿಗೆ ತರಬೇತಿಯಲ್ಲೇ ದಂಡ ಹಾಕುತ್ತ ಹೋದಾಗ, ಅದು ಮೋಸವನ್ನು ಪೂರ್ತಿ ಬಿಡಲಿಲ್ಲ. ಮೋಸದ ಉದ್ದೇಶವನ್ನು ಬರೆದುಕೊಳ್ಳುವುದನ್ನು ಬಿಟ್ಟಿತು. ಕಾವಲಿನ ಎಚ್ಚರಿಕೆ ಮನುಷ್ಯರ ಮೇಜಿಗೆ ಬರಬೇಕು, ಅದನ್ನೇ ಬೆತ್ತ ಮಾಡಿಕೊಳ್ಳಬಾರದು ಎನ್ನುವುದಕ್ಕೆ ಇದು ಬಲವಾದ ಸಾಕ್ಷಿ. ಶುಕ್ರವಾರ ಸಂಜೆಯ ಪ್ರೋಗ್ರಾಮರ್ ವಿಷಯದಲ್ಲಿ ಅನುಭವದಿಂದ ತಿಳಿದದ್ದು ಇಲ್ಲಿ ಪ್ರಯೋಗದಲ್ಲೂ ಕಂಡಿತು.

ಮನುಷ್ಯ ಪ್ರೋಗ್ರಾಮರ್‌ಗೂ ಏಜೆಂಟಿಗೂ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಟೆಸ್ಟ್ ಅಳಿಸುವ ಮನುಷ್ಯರಿಗೆ ಒಳಗೊಳಗೇ ಒಂದು ಅಳುಕು ಇರುತ್ತದೆ, ಕೋರಿಕೆಯ ವಿವರಣೆಯಲ್ಲಿ ಒಂದು ಸಾಲಾದರೂ ಬರೆದಿರುತ್ತಾರೆ. ಏಜೆಂಟ್ ಸಲ್ಲಿಸಿದ ನೂರಾರು ಸಾಲಿನ ಅಚ್ಚುಕಟ್ಟಾದ ಬದಲಾವಣೆಯಲ್ಲಿ ಸ್ಕಿಪ್ ಆದ ಟೆಸ್ಟಿನ ಮಾತು ವಿವರಣೆಗೆ ಬಂದೇ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಏಜೆಂಟುಗಳ ಕೋರಿಕೆಗಳಲ್ಲಿ ಟೆಸ್ಟ್ ಅಳಿಸಿದ್ದರೆ, ಕಾರಣ ಎಷ್ಟೇ ಸರಿಯೆನಿಸಿದರೂ, ಮನುಷ್ಯರೊಬ್ಬರು ನೋಡದೆ ಅದು ಮರ್ಜ್ ಆಗಬಾರದು.

ಕಾವಲಿಗೂ ಮಿತಿಯಿದೆ. ಮೊದಲಿಂದಲೂ ಬರೆಯದೇ ಇದ್ದ ಟೆಸ್ಟ್ ಕಾಣೆಯಾಗಿದೆ ಎಂದು ಅದು ಹೇಳಲಾರದು. ಹುಟ್ಟಿನಿಂದಲೇ `> 0` ಎಂದು ಸಡಿಲವಾಗಿ ಬರೆದ ಟೆಸ್ಟನ್ನು ಅದು ಬಿಗಿ ಮಾಡಲಾರದು. ಅದನ್ನು ಅಳೆಯಲು ಬೇರೆ ವಿಧಾನವಿದೆ: ಕೋಡಿನಲ್ಲಿ ಬೇಕೆಂದೇ `>=` ಇದ್ದಲ್ಲಿ `>` ಮಾಡಿ, ಯಾವುದಾದರೂ ಟೆಸ್ಟ್ ಕೆಂಪಾಗುತ್ತದೆಯೇ ಎಂದು ನೋಡುವ ಮ್ಯುಟೇಶನ್ ಟೆಸ್ಟಿಂಗ್. ದೊಡ್ಡ ಕೋಡಿಗೆ ಅದು ಬಹಳ ಹೊತ್ತು ಹಿಡಿಯುವ ಕೆಲಸವಾದ್ದರಿಂದ, ಹಣದ ಲೆಕ್ಕ, ಲಾಗಿನ್, ಔಷಧಿಯ ಪ್ರಮಾಣ ಇಂಥ ಜಾಗಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳುವ ತಂಡಗಳಿವೆ.

ತಂತ್ರಾಂಶದ ಕೆಲಸದಲ್ಲಿರುವ ಓದುಗರು ಇದನ್ನೆಲ್ಲ ಒಂದೇ ದಿನದಲ್ಲಿ ಕಟ್ಟಬೇಕಿಲ್ಲ. ನಾಳೆ ಕಚೇರಿಗೆ ಹೋದಾಗ `pytest -rs` ಓಡಿಸಿ, ಇಲ್ಲವೇ ನಿಮ್ಮ ಭಾಷೆಯಲ್ಲಿ ಅದಕ್ಕೆ ಸಮನಾದದ್ದನ್ನು. ಜಾವಾ ಆದರೆ `@Disabled`, ಜಾವಾಸ್ಕ್ರಿಪ್ಟ್ ಆದರೆ `it.skip` ಎಂದು ಹುಡುಕಿ. ಸಿಕ್ಕ ಪ್ರತಿ ಸ್ಕಿಪ್ಪಿಗೂ ಕಾರಣ, ಯಾರ ಜವಾಬ್ದಾರಿ, ಯಾವಾಗಿನಿಂದ ಎಂದು ಪಕ್ಕದಲ್ಲಿ ಬರೆಯಿರಿ. ಈ ಮೂರರಲ್ಲಿ ಒಂದಕ್ಕೂ ಉತ್ತರ ಸಿಗದ ಟೆಸ್ಟುಗಳನ್ನು ಮೊದಲು ಮರಳಿ ಓಡಿಸಿ ನೋಡಿ.